ಬ್ರೆಡ್ ಹಿಟ್ಟು ಉಬ್ಬುವುದು ಯೀಸ್ಟ್‌ನಿಂದಲೇ ಅಂತ ಎಂಟನೇ ಕ್ಲಾಸಿನ ಮಕ್ಕಳಿಗೆ ತೋರಿಸುವುದು ಹೇಗೆ?

ಮಲೆನಾಡ ಮೇಡಂ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೇ ಕ್ಲಾಸಿಗೆ ಸೂಕ್ಷ್ಮಜೀವಿಗಳ ಪಾಠ ನಡೆಯುತ್ತಿದೆ. ಮೊನ್ನೆ ಮೈದಾ, ಸಕ್ಕರೆ, ಯೀಸ್ಟ್, ಉಗುರುಬೆಚ್ಚಗಿನ ನೀರು ಹಾಕಿ ಕಲಸಿಟ್ಟೆವು. ಎರಡು ಗಂಟೆಯಲ್ಲಿ ಹಿಟ್ಟು ಎರಡರಷ್ಟಾಯಿತು. ಯೀಸ್ಟ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದಕ್ಕೇ ಉಬ್ಬಿತು ಅಂತ ಹೇಳುತ್ತಿದ್ದೆ, ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಬೆಚ್ಚಗಿನ ನೀರು ಹಾಕಿದ್ದಕ್ಕೇ ಉಬ್ಬಿರಬಹುದಲ್ವಾ? ಯೀಸ್ಟೇ ಅಂತ ಹೇಗೆ ಗೊತ್ತು?" ಅಂತ ಕೇಳಿದಳು. ಪಕ್ಕದವನು "ಸಕ್ಕರೆಯಿಂದ ಇರಬೇಕು" ಅಂದ. ಇನ್ನೊಬ್ಬ "ಮೈದಾನೇ ಹಾಗೆ, ನೆನೆದರೆ ಉಬ್ಬುತ್ತೆ" ಅಂದ.

ಮೂರೂ ಒಳ್ಳೆಯ ಪ್ರಶ್ನೆಗಳು. ಉತ್ತರ ಹೇಳಿ ಬಾಯಿ ಮುಚ್ಚಿಸುವ ಮನಸ್ಸಿಲ್ಲ, ಅವರ ಕೈಯಲ್ಲೇ ಮಾಡಿಸಬೇಕು. ಗೋಡೆಗೆ ಅಂಟಿಸಿರುವ "ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ" ಚಾರ್ಟನ್ನು ಮಕ್ಕಳು ಬಾಯಿಪಾಠ ಮಾಡಿದ್ದಾರೆ, ಆದರೆ ಅದರಿಂದ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿರುವುದು ಬಿಸಿಯೂಟದ ಅಡುಗೆಮನೆ, ಒಂದು ತೂಕದ ಯಂತ್ರ, ಒಂದು ಥರ್ಮಾಮೀಟರ್, ಬೇಕಾದಷ್ಟು ಗಾಜಿನ ಲೋಟ. ಓವನ್ ಇಲ್ಲ. ಹೇಗೆ ಮಾಡಿಸಲಿ?

ಹಾಸನದ ಬೇಕರಿ

ಮೇಡಂ, ನಮ್ಮದು ಅಪ್ಪನ ಕಾಲದಿಂದ ಬೇಕರಿ. ಯೀಸ್ಟ್ ಹಾಕದೆ ಒಂದು ಮಾಲು ಕಲಸಿಡಿ, ಉಬ್ಬುವುದಿಲ್ಲ. ಮುಗಿಯಿತು. ಸಕ್ಕರೆ ಮಾತ್ರ ಮರೆಯಬೇಡಿ, ಸಕ್ಕರೆ ಇಲ್ಲದಿದ್ದರೆ ಯೀಸ್ಟ್‌ಗೆ ಊಟವೇ ಇಲ್ಲ, ಅದು ಏಳುವುದೇ ಇಲ್ಲ. ಮತ್ತೆ ನಿಜವಾಗಿ ಉಬ್ಬುವುದು ಭಟ್ಟಿಯಲ್ಲಿ. ಕಾವು ಕೊಟ್ಟಾಗ ನೋಡಬೇಕು ನೀವು, ಹತ್ತು ನಿಮಿಷದಲ್ಲಿ ಟಿನ್ನಿನಿಂದ ಮೇಲೆ ಬರುತ್ತದೆ. ಆ ಹುಡುಗಿ ಕಾವಿನಿಂದ ಅಂದಿದ್ದು ಪೂರ್ತಿ ತಪ್ಪೇನಲ್ಲ.

ರೂಪಾ ಅಡುಗೆಮನೆ

ನನಗೂ ಇದೇ ಸಮಸ್ಯೆ! ಬ್ರೆಡ್ ಕಲ್ಲಿನ ಹಾಗೆ ಆಗುತ್ತಿದೆ. ಯೂಟ್ಯೂಬ್ ನೋಡಿ ಅದೇ ಅಳತೆ ಹಾಕುತ್ತೇನೆ, ನಾಲ್ಕು ಗಂಟೆ ಇಟ್ಟರೂ ಹಿಟ್ಟು ಇದ್ದಲ್ಲೇ ಇರುತ್ತದೆ. ಯಾವ ಮೈದಾ ತಗೊಳ್ಳಲಿ?

ಕೊಪ್ಪದ ಹುಡುಗ

ರೂಪಾ ಅಕ್ಕ, ಮೇಡಂ ಕೇಳಿದ್ದು ಬೇರೆ.

ಬೇಕರಿ ಅಣ್ಣ, ಯೀಸ್ಟ್ ಹಾಕದ ಹಿಟ್ಟು ಉಬ್ಬುವುದಿಲ್ಲ ಅಂದರೆ ಯೀಸ್ಟ್ ಏನು ಮಾಡಿತು ಅಂತ ಗೊತ್ತಾಗುವುದಿಲ್ಲವಲ್ಲ. ಯೀಸ್ಟ್ ಪ್ಯಾಕೆಟ್ಟಿನಲ್ಲಿ ಬೇರೇನೋ ಪುಡಿ ಇರಬಹುದು. ಸೋಡಾ ಹಾಕಿದರೂ ಹಿಟ್ಟು ಉಬ್ಬುತ್ತದೆ, ಸೋಡಾ ಜೀವಿಯಾ? ಪಾಠ ಸೂಕ್ಷ್ಮಜೀವಿಯದ್ದು. ಹಾಗಾಗಿ ಯೀಸ್ಟ್ ಬದುಕಿರುವುದರಿಂದಲೇ ಉಬ್ಬಿತು ಅಂತ ತೋರಿಸಬೇಕು.

ಸೂಕ್ಷ್ಮದರ್ಶಕ

ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಕೊಪ್ಪದವರು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಮೇಡಂ, ನಿಮ್ಮ ಮಕ್ಕಳು ಆಗಲೇ ಅರ್ಧ ಕೆಲಸ ಮಾಡಿದ್ದಾರೆ. ಅವರು ಹೇಳಿದ ಒಂದೊಂದು ಕಾರಣಕ್ಕೂ ಒಂದು ಲೋಟ ಇಡಿ. ಆ ಕಾರಣ ನಿಜವಾಗಿದ್ದರೆ ಈ ಲೋಟದಲ್ಲಿ ಏನಾಗಬೇಕು ಅಂತ ಮೊದಲೇ ಕೇಳಿ. ಆಮೇಲೆ ನೋಡಿ. ಚಾರ್ಟಿನಲ್ಲಿರುವ "ಊಹೆ" ಅಂದರೆ ಇಷ್ಟೇ.

ನಾನಾಗಿದ್ದರೆ ಹೀಗೆ ಮಾಡಿಸುತ್ತೇನೆ. ಮೂರು ಬಟ್ಟಲು. ಮೂರರಲ್ಲೂ 100 ಗ್ರಾಂ ಮೈದಾ, ಕಾಲು ಟೀ ಚಮಚ ಉಪ್ಪು, ಒಟ್ಟು 60 ಮಿ.ಲೀ. ನೀರು. ಸಕ್ಕರೆ ಸದ್ಯಕ್ಕೆ ಬೇಡ. ಮೊದಲನೆಯದಕ್ಕೆ 1 ಗ್ರಾಂ ಇನ್‌ಸ್ಟಂಟ್ ಯೀಸ್ಟನ್ನು 30 ಮಿ.ಲೀ. ಬೆಚ್ಚಗಿನ ನೀರಿನಲ್ಲಿ ಕದಡಿ ಹಾಕಿ. 1 ಗ್ರಾಂ ಅಂದರೆ ಟೀ ಚಮಚದ ಮೂರನೇ ಒಂದು ಭಾಗದಷ್ಟು. ಎರಡನೆಯದಕ್ಕೂ ಅಷ್ಟೇ ಯೀಸ್ಟ್, ಅಷ್ಟೇ ನೀರು, ಆದರೆ ಅದನ್ನು ಮೊದಲು ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿ. ಕುದಿಯುವಾಗ ನೀರು ಆವಿಯಾಗುತ್ತದೆ, ಕಡಿಮೆಯಾದಷ್ಟನ್ನು ಮತ್ತೆ ತುಂಬಿಸಿ 30 ಮಿ.ಲೀ. ಮಾಡಿಕೊಳ್ಳಿ. ಮೂರನೆಯದಕ್ಕೆ ಬರೀ ನೀರು.

ಹಿಟ್ಟಿಗೆ ಹಾಕುವ ಹೊತ್ತಿನಲ್ಲಿ ಮೂರೂ ನೀರು ಒಂದೇ ಕಾವಿನಲ್ಲಿರಬೇಕು, ಸುಮಾರು 35 ಡಿಗ್ರಿ. ಇದು ಬಹಳ ಮುಖ್ಯ. ಕುದಿಸಿದ್ದು ಬಿಸಿ, ಉಳಿದದ್ದು ತಣ್ಣಗೆ ಅಂತಾದರೆ ಎರಡು ಸಂಗತಿ ಒಟ್ಟಿಗೆ ಬದಲಾದ ಹಾಗಾಯಿತು, ಕೊನೆಗೆ ಯಾವುದರಿಂದ ಏನಾಯಿತು ಅಂತ ಹೇಳಲಾಗುವುದಿಲ್ಲ. ಒಂದೇ ಕಾವಿನಲ್ಲಿದ್ದರೆ ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಬೆಚ್ಚಗಿನ ನೀರಿನಿಂದಲೇ ಉಬ್ಬುವುದಾದರೆ ಮೂರೂ ಉಬ್ಬಬೇಕು ತಾನೆ?

ಕಲಸಿ, ಒಂದೊಂದರಿಂದಲೂ 80 ಗ್ರಾಂ ಹಿಟ್ಟನ್ನು ನೇರ ಗೋಡೆಯ ಗಾಜಿನ ಲೋಟಕ್ಕೆ ಒತ್ತಿ ಹಾಕಿ. ಮೇಲ್ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ಮೇಲೆ ಅಗಲವಾಗಿರುವ ಲೋಟ ಬೇಡ, ಅದರಲ್ಲಿ ಎತ್ತರ ಅಳೆದರೆ ಉಬ್ಬಿದ್ದು ಕಡಿಮೆ ಅನ್ನಿಸುತ್ತದೆ.

ಹಾಸನದ ಬೇಕರಿ

ಸರ್, ಸಕ್ಕರೆ ಬೇಡ ಅಂದಿರಲ್ಲ, ಹಾಗಾದರೆ ಮೊದಲನೆಯ ಲೋಟವೂ ಏಳುವುದಿಲ್ಲ ನೋಡಿ. ನನ್ನ ಮಾತು ಬರೆದಿಟ್ಟುಕೊಳ್ಳಿ.

ಸೂಕ್ಷ್ಮದರ್ಶಕ

ಬರೆದಿಟ್ಟುಕೊಂಡೆ! ಇದು ಒಳ್ಳೆಯ ಊಹೆ, ಯಾಕೆಂದರೆ ತಪ್ಪಾದರೆ ತಪ್ಪು ಅಂತ ಎಲ್ಲರಿಗೂ ಕಾಣುತ್ತದೆ. ಮೇಡಂ, ಬೇಕರಿಯವರ ಮಾತನ್ನೂ ಮಕ್ಕಳಿಗೆ ಹೇಳಿ.

ಅಜ್ಜಿಮನೆ ಪಾಕ

ಇಷ್ಟೆಲ್ಲ ಯಾಕೆ, ಇಡ್ಲಿ ಹಿಟ್ಟು ತೋರಿಸಿ. ಅದಕ್ಕೆ ಯೀಸ್ಟ್ ಯಾರು ಹಾಕುತ್ತಾರೆ? ರಾತ್ರಿ ರುಬ್ಬಿಟ್ಟರೆ ಬೆಳಗ್ಗೆ ಪಾತ್ರೆಯಿಂದ ಉಕ್ಕಿರುತ್ತದೆ.

ಸೂಕ್ಷ್ಮದರ್ಶಕ

ಅಮ್ಮಾ, ಅಲ್ಲಿ ಉಬ್ಬಿಸುವವು ಮುಖ್ಯವಾಗಿ ಬ್ಯಾಕ್ಟೀರಿಯಾಗಳು. ಉದ್ದಿನಬೇಳೆ ಅಕ್ಕಿಯ ಜೊತೆಗೇ ಬರುತ್ತವೆ. ಹುಳಿ ಮಾಡುವುದೂ ಗ್ಯಾಸ್ ಬಿಡುವುದೂ ಅವೇ. ಆದರೆ ನೀವು ಹೇಳಿದ್ದರಲ್ಲಿ ಒಂದು ಎಚ್ಚರಿಕೆ ಇದೆ. ಯೀಸ್ಟ್ ಹಾಕದ ಮೈದಾ ಹಿಟ್ಟನ್ನೂ ತುಂಬ ಹೊತ್ತು ಬಿಟ್ಟರೆ ಅದರಲ್ಲಿ ಮೊದಲೇ ಇದ್ದ ಜೀವಿಗಳು ಕೆಲಸ ಶುರು ಮಾಡುತ್ತವೆ. ಅದಕ್ಕೇ ಮೇಡಂ, ಎರಡು ಗಂಟೆಯೊಳಗೆ ಅಳೆದುಬಿಡಿ.

ಸ್ಟಾಕ್‌ಹೋಮ್ ಕನ್ನಡಿಗ

ಇಲ್ಲಿ ಚಳಿಗಾಲದಲ್ಲಿ ನಮ್ಮ ಅಡುಗೆಮನೆ ಕಿಟಕಿ ಹತ್ತಿರ 18 ಡಿಗ್ರಿ ಇರುತ್ತದೆ. ಎರಡು ಗಂಟೆಯಲ್ಲಿ ಹಿಟ್ಟು ಅಲುಗಾಡುವುದಿಲ್ಲ. ನಾನು ಸಕ್ಕರೆ ಹಾಕಿದ ಹಿಟ್ಟನ್ನು ಒಲೆ ಪಕ್ಕ ಇಟ್ಟು, ಹಾಕದ್ದನ್ನು ಕಿಟಕಿ ಹತ್ತಿರ ಇಟ್ಟೆ. ಸಕ್ಕರೆಯದ್ದು ಬೇಗ ಉಬ್ಬಿತು. ಬೇಕರಿಯವರು ಹೇಳಿದ್ದೇ ಸರಿ.

ಕೊಪ್ಪದ ಹುಡುಗ

ಒಲೆ ಪಕ್ಕ ಒಂದು, ಕಿಟಕಿ ಹತ್ತಿರ ಒಂದು! ಉಬ್ಬಿಸಿದ್ದು ಸಕ್ಕರೆಯೋ ಕಾವೋ ಅಂತ ಹೇಗೆ ಹೇಳುತ್ತೀರಿ ಸ್ವಾಮಿ? ಎರಡನ್ನೂ ಒಂದೇ ಕಡೆ ಇಡಿ, ಇಲ್ಲವೇ ಜಾಗ ಅದಲು ಬದಲು ಮಾಡಿ ಇನ್ನೊಮ್ಮೆ ಮಾಡಿ.

ಸ್ಟಾಕ್‌ಹೋಮ್ ಕನ್ನಡಿಗ

ಸರಿ, ವಾರಾಂತ್ಯಕ್ಕೆ ನೋಡುತ್ತೇನೆ. ಆದರೂ ನನಗೆ ಸಕ್ಕರೆ ಮೇಲೇ ಅನುಮಾನ.

ರೂಪಾ ಅಡುಗೆಮನೆ

ಯಾರೂ ನನಗೆ ಹೇಳಲಿಲ್ಲ. ಯಾವ ಮೈದಾ?

ಹಾಸನದ ಬೇಕರಿ

ತಂಗಿ, ಮೈದಾ ಯಾವುದಾದರೂ ಆಗುತ್ತದೆ. ನಾಲ್ಕು ಗಂಟೆಗೂ ಅಲ್ಲಾಡಲಿಲ್ಲ ಅಂದರೆ ಯೀಸ್ಟ್ ಸತ್ತಿದೆ. ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ನೊರೆ ಎದ್ದರೆ ಜೀವ ಇದೆ. ಏಳದಿದ್ದರೆ ಪ್ಯಾಕೆಟ್ ಬಿಸಾಡಿ. ನೀರು ಕೈಗೆ ಸುಡುವಷ್ಟು ಇರಬಾರದು, 60 ಡಿಗ್ರಿಗೆಲ್ಲ ಯೀಸ್ಟ್ ಸತ್ತೇ ಹೋಗುತ್ತದೆ.

ರೂಪಾ ಅಡುಗೆಮನೆ

ಈಗಲೇ ಮಾಡಿದೆ. ನೊರೆ ಇಲ್ಲ, ತಳದಲ್ಲಿ ಕೆಸರಿನ ಹಾಗೆ ಕೂತಿದೆ. ಪ್ಯಾಕೆಟ್ ಒಡೆದು ಒಲೆ ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದೆ. ಥ್ಯಾಂಕ್ಸ್ ಅಣ್ಣಾ.

ಸೂಕ್ಷ್ಮದರ್ಶಕ

ನೋಡಿ, ಬೇಕರಿಯವರು ಮಾಡಿಸಿದ್ದೂ ಪ್ರಯೋಗವೇ. ಹಿಟ್ಟು ಉಬ್ಬದಿರಲು ಮೈದಾ, ನೀರು, ಯೀಸ್ಟ್ ಯಾವುದಾದರೂ ಕಾರಣ ಇರಬಹುದಿತ್ತು. ಮೈದಾ ಇಲ್ಲದೆ ಯೀಸ್ಟ್ ಒಂದನ್ನೇ ಪರೀಕ್ಷೆ ಮಾಡಿಸಿದರು.

ಮಲೆನಾಡ ಮೇಡಂ

ಮಾಡಿದೆವು! ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕ್ಲಾಸನ್ನು ನಾಲ್ಕು ಗುಂಪು ಮಾಡಿದೆ. ಒಂದೊಂದು ಗುಂಪಿಗೂ ಸರ್ ಹೇಳಿದ ಮೂರು ಲೋಟ. ಕಲಸುವ ಮೊದಲೇ ಎಲ್ಲರೂ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದು ಕೊಟ್ಟರು. ಬೆಚ್ಚಗಿನ ನೀರು ಅಂದವಳು "ಮೂರೂ ಒಂದೇ ಸಮ ಉಬ್ಬುತ್ತವೆ" ಅಂತ ಬರೆದಳು. ಮೈದಾ ಅಂದವನೂ ಅದನ್ನೇ ಬರೆದ. ಸಕ್ಕರೆ ಅಂದವನು ಬೇಕರಿಯವರ ಪಕ್ಷ, "ಯಾವುದೂ ಉಬ್ಬುವುದಿಲ್ಲ" ಅಂತ ಬರೆದ. ಕಾರಣ ಬೇರೆ ಇದ್ದರೂ ಮೊದಲ ಇಬ್ಬರ ಊಹೆ ಒಂದೇ ಬಂತಲ್ಲ, ಅದನ್ನು ಮಕ್ಕಳೇ ಗಮನಿಸಿ "ಮಿಸ್, ಮೂರೂ ಉಬ್ಬಿದರೆ ಇವರಿಬ್ಬರಲ್ಲಿ ಯಾರು ಸರಿ ಅಂತ ಗೊತ್ತಾಗಲ್ಲ" ಅಂದರು. ನನಗೆ ಬಹಳ ಖುಷಿಯಾಯಿತು.

ಲೋಟಗಳಿಗೆ ಕ, ಖ, ಗ ಅಂತ ಚೀಟಿ ಅಂಟಿಸಿದೆವು. ಯಾವುದು ಏನು ಅಂತ ಗೊತ್ತಿಲ್ಲದ ಒಂಬತ್ತನೇ ಕ್ಲಾಸಿನವರನ್ನು ಕರೆಸಿ ಸ್ಕೇಲ್‌ನಿಂದ ಅಳೆಸಿದೆ. ಉಬ್ಬಬೇಕು ಅಂತ ಆಸೆ ಇರುವವರು ಅಳೆದರೆ ಸ್ಕೇಲನ್ನು ಗುಮ್ಮಟದ ತುದಿಗೆ ಹಿಡಿಯುತ್ತಾರೆ, ಬೇಡದವರು ಅಂಚಿಗೆ ಹಿಡಿಯುತ್ತಾರೆ. ಅಂಚಿಗೇ ಹಿಡಿಯಬೇಕು ಅಂತ ಮೊದಲೇ ನಿಯಮ ಮಾಡಿದೆವು.

ಕೋಣೆಯಲ್ಲಿ 27 ಡಿಗ್ರಿ ಇತ್ತು. ಶುರುವಿನಲ್ಲಿ ಎಲ್ಲ ಲೋಟದಲ್ಲೂ ಸುಮಾರು 3 ಸೆಂ.ಮೀ. ಎರಡು ಗಂಟೆ ಆದ ಮೇಲೆ ಬದುಕಿದ ಯೀಸ್ಟ್‌ನ ನಾಲ್ಕು ಲೋಟಗಳಲ್ಲಿ 5.6, 6.1, 6.3, 6.8. ಕುದಿಸಿದ ಯೀಸ್ಟ್‌ನವು, ಯೀಸ್ಟ್ ಹಾಕದವು ಎಲ್ಲ 3ರಿಂದ 3.2ರ ಒಳಗೆ. ಸಕ್ಕರೆ ಹಾಕಿರಲಿಲ್ಲ, ಆದರೂ ಉಬ್ಬಿತು.

ಆಮೇಲೆ ಎಲ್ಲ ಹಿಟ್ಟನ್ನೂ ಸ್ವಲ್ಪ ಸ್ವಲ್ಪ ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆವು. ಬದುಕಿದ ಯೀಸ್ಟ್‌ನದ್ದು ಮೆತ್ತಗೆ, ಒಳಗೆಲ್ಲ ಗೂಡು ಗೂಡು. ಉಳಿದೆರಡು ರಬ್ಬರಿನ ಹಾಗೆ.

ಹಾಸನದ ಬೇಕರಿ

ಸಕ್ಕರೆ ಇಲ್ಲದೆ ಉಬ್ಬಿತಾ? ಆಶ್ಚರ್ಯ. ನಾವು ಸಕ್ಕರೆ ಇಲ್ಲದೆ ಮಾಲು ಹಾಕಿದ್ದೇ ಇಲ್ಲ. ಹಾಗಾದರೆ ಅದು ತಿಂದಿದ್ದಾದರೂ ಏನನ್ನು?

ಸೂಕ್ಷ್ಮದರ್ಶಕ

ಮೈದಾದಲ್ಲೇ ಸ್ವಲ್ಪ ಸಕ್ಕರೆ ಇರುತ್ತದೆ. ಅದು ಸಾಲದಾದಾಗ, ಗೋಧಿಯಲ್ಲಿರುವ ಕಿಣ್ವಗಳು ಪಿಷ್ಟವನ್ನು ಮುರಿದು ಸಕ್ಕರೆ ಮಾಡಿಕೊಡುತ್ತವೆ. ಹಿಟ್ಟಿಗೆ ನೀರು ಬಿದ್ದ ಕೂಡಲೇ ಆ ಕೆಲಸ ಶುರು. ನೀವು ಹಾಕುವ ಸಕ್ಕರೆ ರುಚಿಗೆ, ಬಣ್ಣಕ್ಕೆ, ಶುರುವಿನ ಓಟಕ್ಕೆ ಒಳ್ಳೆಯದು. ಆದರೆ ಅದು ಇಲ್ಲದೆ ಆಗುವುದಿಲ್ಲ ಅನ್ನುವುದು ನಿಲ್ಲಲಿಲ್ಲ.

ಮೇಡಂ, ಅದ್ಭುತ ಕೆಲಸ ಮಾಡಿಸಿದ್ದೀರಿ. ಆ ಹುಡುಗಿಗೆ ಇನ್ನೊಂದು ಲೆಕ್ಕ ತೋರಿಸಿ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು ಮುನ್ನೂರರಲ್ಲಿ ಒಂದು ಭಾಗ ಹಿಗ್ಗುತ್ತದೆ. ಹಿಟ್ಟಿನೊಳಗೆ ಸಿಕ್ಕ ಗಾಳಿ 27ರಿಂದ 39 ಡಿಗ್ರಿಗೆ ಏರಿತು ಅಂತಲೇ ಇಟ್ಟುಕೊಳ್ಳಿ, ಆ ಗಾಳಿ ಹಿಗ್ಗುವುದು ನೂರಕ್ಕೆ ನಾಲ್ಕರಷ್ಟು. ನಿಮ್ಮ ಹಿಟ್ಟು ಎರಡರಷ್ಟಾಗಿದೆ. ಲೋಟಗಳನ್ನು ಇಡುವ ಮೊದಲೇ ಈ ಲೆಕ್ಕ ಹಾಕಿದ್ದರೆ ಅವಳ ಊಹೆ ಕಷ್ಟದಲ್ಲಿದೆ ಅಂತ ಗೊತ್ತಾಗುತ್ತಿತ್ತು.

ಭಟ್ಟಿಯ ಮಾತು ಬೇರೆ. ಅಲ್ಲಿ ಕಾವು ಬಹಳ ಜಾಸ್ತಿ. ಇರುವ ಗ್ಯಾಸ್ ಹಿಗ್ಗುತ್ತದೆ, ಹಿಟ್ಟಿನ ನೀರಿನಲ್ಲಿ ಕರಗಿದ್ದ ಗ್ಯಾಸ್ ಹೊರಬರುತ್ತದೆ, ಮದ್ಯಸಾರ ಮತ್ತು ನೀರು ಆವಿಯಾಗುತ್ತವೆ. ಬೇಕರಿಯವರು ಕಂಡಿದ್ದು ನಿಜ. ಆದರೆ ಹಿಗ್ಗಲು ಮೊದಲು ಗುಳ್ಳೆಗಳು ಇರಬೇಕಲ್ಲ. ಇಡ್ಲಿ ಪಾತ್ರೆಯಲ್ಲಿ ಮೂರಕ್ಕೂ ಒಂದೇ ಕಾವು ಸಿಕ್ಕಿತು, ಮೆತ್ತಗಾಗಿದ್ದು ಒಂದೇ.

ರಾಗಿಮುದ್ದೆ ಮಂಡ್ಯ

ನಮ್ಮ ಕಡೆ ಮೈದಾ ಯಾರು ತಿನ್ನುತ್ತಾರೆ. ರಾಗಿಹಿಟ್ಟಿನಲ್ಲಿ ಮಾಡಿದೆ, ಅದೇ ಯೀಸ್ಟ್, ಅದೇ ಅಳತೆ, ನೀರು ಮಾತ್ರ ಜಾಸ್ತಿ ಹಿಡಿಯಿತು. ಉಬ್ಬಲೇ ಇಲ್ಲ, ಮೇಲೆ ಬಿರುಕು ಬಿಟ್ಟಿತು ಅಷ್ಟೇ. ರಾಗಿಯಲ್ಲಿ ಯೀಸ್ಟ್ ಕೆಲಸ ಮಾಡುವುದಿಲ್ಲ ಅಂತ ಆಯ್ತಲ್ಲ?

ಕೊಪ್ಪದ ಹುಡುಗ

ಆಯ್ತು. ಯೀಸ್ಟ್‌ಗೆ ಗೋಧಿಯೇ ಬೇಕು.

ಸೂಕ್ಷ್ಮದರ್ಶಕ

ಆತುರ ಬೇಡ ಇಬ್ಬರಿಗೂ. ನೀವು ಅಳೆದಿದ್ದು ಎತ್ತರವನ್ನು. ಯೀಸ್ಟ್ ಮಾಡುವುದು ಗ್ಯಾಸನ್ನು. ಎರಡೂ ಒಂದೇ ಅಲ್ಲ. ಗ್ಯಾಸ್ ಹುಟ್ಟಿ, ನಿಲ್ಲದೆ ಹೊರಗೆ ಹೋದರೂ ಎತ್ತರ ಏರುವುದಿಲ್ಲ. ಮೈದಾ ನಾದಿದಾಗ ಗ್ಲುಟೆನ್ ಕಟ್ಟಿಕೊಂಡು ಬಲೂನಿನ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ, ಗುಳ್ಳೆಯನ್ನು ಹಿಡಿದಿಡುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆ ಬಿರುಕು ಯಾಕೆ ಬಂತು ಅಂತ ಯೋಚನೆ ಮಾಡಿ.

ಪರೀಕ್ಷೆ ಸುಲಭ. ಎರಡು ಸಣ್ಣ ಬಾಟಲಿ. ಒಂದರಲ್ಲಿ ಮೈದಾ ಅಂಬಲಿ, ಇನ್ನೊಂದರಲ್ಲಿ ರಾಗಿ ಅಂಬಲಿ. ಎರಡನ್ನೂ ತಣ್ಣೀರಲ್ಲಿ ಕದಡಿ ತೆಳ್ಳಗಿಡಿ, ಬೇಯಿಸಬೇಡಿ. ಸಮ ಯೀಸ್ಟ್, ಒಂದೊಂದು ಚಮಚ ಸಕ್ಕರೆ ಹಾಕಿ, ಬಾಯಿಗೆ ಬಲೂನ್ ಸಿಕ್ಕಿಸಿ. ಮೂರನೆಯ ಬಾಟಲಿಯಲ್ಲಿ ಯೀಸ್ಟ್ ಬಿಟ್ಟು ಉಳಿದದ್ದೆಲ್ಲ ಇರಲಿ. ಬಿಸಿಲಿಗೆ ಬಾಟಲಿಯ ಗಾಳಿ ಹಿಗ್ಗಿದರೂ ಬಲೂನ್ ಸ್ವಲ್ಪ ಏಳುತ್ತದೆ, ಎಷ್ಟು ಅಂತ ಮೂರನೆಯದು ಹೇಳುತ್ತದೆ.

ರಾಗಿಮುದ್ದೆ ಮಂಡ್ಯ

ಮಾಡಿದೆ ಸರ್. ರಾಗಿ ಬಾಟಲಿಯ ಬಲೂನೂ ಎದ್ದು ನಿಂತಿತು. ಮೂರನೆಯದು ಜೋತುಬಿದ್ದೇ ಇದೆ. ರಾಗಿ ಮಾನ ಉಳಿಯಿತು.

ಮೇಷ್ಟ್ರ ಮಗ

ಬಲೂನಿನೊಳಗಿರುವುದು ಇಂಗಾಲದ ಡೈಆಕ್ಸೈಡ್ ಅಂತ ಯಾರೂ ತೋರಿಸಲಿಲ್ಲವಲ್ಲ? ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ನೀರಿನಲ್ಲಿ ಕದಡಿ ರಾತ್ರಿ ಬಿಡಿ, ಮೇಲಿನ ತಿಳಿ ತೆಗೆದುಕೊಳ್ಳಿ. ಬಲೂನಿನ ಗ್ಯಾಸನ್ನು ಪೈಪಿನಲ್ಲಿ ಅದರೊಳಗೆ ಬಿಟ್ಟರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬಾಯಿಂದ ಊದಿ ಬಲೂನ್ ತುಂಬಿಸಬೇಡಿ, ಉಸಿರಿನಲ್ಲೂ ಅದೇ ಇದೆ. ಸುಣ್ಣದ ನೀರು ಕಣ್ಣಿಗೆ ಬೀಳದ ಹಾಗೆ ಮಕ್ಕಳಿಗೆ ಹೇಳಿ.

ಕೊಪ್ಪದ ಹುಡುಗ

ಸರಿ. ಅಂತೂ ಕುದಿಸಿದ ಯೀಸ್ಟ್ ಉಬ್ಬಲಿಲ್ಲ, ಬದುಕಿದ್ದು ಉಬ್ಬಿತು. ಜೀವದಿಂದಲೇ ಹಿಟ್ಟು ಉಬ್ಬುತ್ತದೆ ಅಂತ ಸಾಬೀತಾಯಿತು. ವಿಷಯ ಮುಗಿಯಿತಲ್ವಾ?

ಸೂಕ್ಷ್ಮದರ್ಶಕ

ಇಲ್ಲ. ಇಲ್ಲೇ ದೊಡ್ಡ ದೊಡ್ಡವರು ದಶಕಗಟ್ಟಲೆ ಜಗಳವಾಡಿದ್ದಾರೆ.

ಕುದಿಸಿದಾಗ ಯೀಸ್ಟ್ ಸಾಯುತ್ತದೆ, ನಿಜ. ಆದರೆ ಕುದಿಸಿದಾಗ ಇನ್ನೂ ಏನೇನೋ ಹಾಳಾಗುತ್ತದೆ. ಯೀಸ್ಟ್ ಒಳಗಿನ ಯಾವುದೋ ಒಂದು ವಸ್ತು ಈ ಕೆಲಸ ಮಾಡುತ್ತಿದ್ದು, ಕಾವಿಗೆ ಅದು ಕೆಟ್ಟಿದ್ದರೆ? ಆಗಲೂ ನಿಮಗೆ ಇದೇ ಫಲಿತಾಂಶ ಸಿಗುತ್ತದೆ. ಅಂದರೆ "ಜೀವ ಬೇಕು" ಮತ್ತು "ಕಾವಿಗೆ ಕೆಡುವ ವಸ್ತು ಬೇಕು" ಅನ್ನುವ ಎರಡು ಊಹೆಗಳನ್ನು ನಮ್ಮ ಮೂರು ಲೋಟಗಳು ಬೇರೆ ಮಾಡಲಾರವು.

ಜರ್ಮನಿಯ ಲೀಬಿಗ್, ಹುದುಗುವುದು ರಾಸಾಯನಿಕ ಕ್ರಿಯೆ, ಕೊಳೆಯುವ ವಸ್ತುವಿನಿಂದ ಸಕ್ಕರೆ ಒಡೆಯುತ್ತದೆ ಅನ್ನುತ್ತಿದ್ದರು. ಫ್ರಾನ್ಸಿನ ಪಾಶ್ಚರ್ 1850ರ ದಶಕದ ಕೊನೆಯಿಂದ ಪ್ರಯೋಗ ಮಾಡುತ್ತ, ಇಲ್ಲ, ಇದು ಬದುಕಿರುವ ಯೀಸ್ಟ್‌ನ ಕೆಲಸ ಅಂದರು. ಪಾಶ್ಚರ್ ಪಕ್ಷ ಗಟ್ಟಿಯಾಯಿತು. ಆಮೇಲೆ 1897ರಲ್ಲಿ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಜೀವಕೋಶಗಳನ್ನು ಒಡೆದು, ಹಿಂಡಿ ರಸ ತೆಗೆದರು. ಆ ರಸದಲ್ಲಿ ಬದುಕಿದ ಕೋಶ ಇರಲಿಲ್ಲ. ಅದು ಕೆಡಬಾರದು ಅಂತ ಸಕ್ಕರೆ ಹಾಕಿದರೆ ಗುಳ್ಳೆ ಬರಲು ಶುರುವಾಯಿತು! ಯೀಸ್ಟ್‌ನೊಳಗಿನ ಕಿಣ್ವಗಳು ಕೋಶ ಒಡೆದರೂ ಕೆಲಸ ಮಾಡುತ್ತವೆ ಅಂತ ಗೊತ್ತಾಯಿತು. ಅವರಿಗೆ 1907ರಲ್ಲಿ ನೊಬೆಲ್ ಬಂತು.

ಹಾಗಾಗಿ ಮಕ್ಕಳು ಪುಸ್ತಕದಲ್ಲಿ ಬರೆಯಬೇಕಾದ ತೀರ್ಮಾನ "ಜೀವದಿಂದ ಉಬ್ಬುತ್ತದೆ" ಅಂತ ಅಲ್ಲ. "ಯೀಸ್ಟ್‌ನಲ್ಲಿರುವ, ಕುದಿಸಿದರೆ ಹಾಳಾಗುವ ಯಾವುದೋ ಒಂದರಿಂದ ಉಬ್ಬುತ್ತದೆ. ಬೆಚ್ಚಗಿನ ನೀರಿನಿಂದ ಅಲ್ಲ, ನೆನೆದ ಮೈದಾದಿಂದಲೂ ಅಲ್ಲ" ಅಂತ ಬರೆಯಲಿ. ಲೋಟ ತೋರಿಸಿದ್ದು ಅಷ್ಟನ್ನೇ.

ಕೊಪ್ಪದ ಹುಡುಗ

ಇದು ಅತಿಯಾಯಿತು ಸರ್. ಎಂಟನೇ ಕ್ಲಾಸಿನ ಮಗುವಿಗೆ ಬುಖ್ನರ್ ಯಾಕೆ? ಬುಖ್ನರ್ ರಸವೂ ಬಂದಿದ್ದು ಯೀಸ್ಟ್‌ನಿಂದಲೇ ಅಲ್ವಾ. ಜೀವ ಅಂದರೆ ತಪ್ಪೇನು?

ಮಲೆನಾಡ ಮೇಡಂ

ಹೆಸರು ಹೇಳದೆಯೂ ಕೇಳಬಹುದು. "ಕುದಿಸಿದಾಗ ಯೀಸ್ಟ್‌ಗೆ ಏನೇನಾಯಿತು?" ಅಂತ ಕೇಳಿದೆ. "ಸತ್ತಿತು" ಅಂತ ಎಲ್ಲರೂ ಕೂಗಿದರು. ಒಬ್ಬಳು ಮಾತ್ರ "ಮೊಟ್ಟೆ ಬೇಯಿಸಿದರೆ ಬಿಳಿ ಆಗುತ್ತೆ, ಹಾಗೆ ಒಳಗೂ ಏನೋ ಆಗಿರಬಹುದು" ಅಂದಳು. ಅಷ್ಟು ಸಾಕು ನನಗೆ.

ಈಗ ನನ್ನದೊಂದು ಗೊಂದಲ. ಅವತ್ತು ಲೋಟಗಳನ್ನು ತೆಗೆಯದೆ ರಾತ್ರಿ ಹಾಗೇ ಬಿಟ್ಟಿದ್ದೆವು. ಬೆಳಗ್ಗೆ ನೋಡಿದರೆ ಬದುಕಿದ ಯೀಸ್ಟ್‌ನವು ಕುಸಿದು 4.5 ಆಸುಪಾಸಿಗೆ ಬಂದಿದ್ದವು. ಯೀಸ್ಟ್ ಹಾಕದವು 3.3. ಆದರೆ ಕುದಿಸಿದ ಯೀಸ್ಟ್‌ನ ನಾಲ್ಕು ಲೋಟಗಳಲ್ಲಿ ಎರಡು 4.5ಕ್ಕೆ ಏರಿವೆ, ಒಳಗೆ ಗುಳ್ಳೆ, ಹುಳಿ ವಾಸನೆ. ಉಳಿದೆರಡು ಹಾಗೇ ಇವೆ. ಮಕ್ಕಳು "ಮಿಸ್, ಸತ್ತಿದ್ದು ಹೇಗೆ ಎದ್ದಿತು?" ಅನ್ನುತ್ತಿದ್ದಾರೆ.

ಅಜ್ಜಿಮನೆ ಪಾಕ

ನಾನು ಆಗಲೇ ಹೇಳಿದೆನಲ್ಲ. ಇಡ್ಲಿ ಹಿಟ್ಟಿನ ಹಾಗೆ ತಾನಾಗಿಯೇ ಹುಳಿ ಬಂದಿದೆ.

ಕೊಪ್ಪದ ಹುಡುಗ

ತಾನಾಗಿ ಬರುವುದಾದರೆ ಯೀಸ್ಟ್ ಹಾಕದ ನಾಲ್ಕೂ ಹಾಗೇ ಏಳಬೇಕಿತ್ತು ಅಮ್ಮಾ, ಮೈದಾ ಒಂದೇ ಚೀಲದ್ದು. ಸರಿಯಾಗಿ ಕುದಿಸಿಲ್ಲ, ಅಷ್ಟೇ.

ಮಲೆನಾಡ ಮೇಡಂ

ಕುದಿಸಿದ್ದು ಒಂದೇ ಪಾತ್ರೆಯಲ್ಲಿ, ನಾಲ್ಕು ಗುಂಪಿಗೂ ಒಟ್ಟಿಗೆ. ಆಮೇಲೆ ಹಂಚಿದ್ದು. ಕುದಿಸಿದ್ದು ಸಾಲದಿದ್ದರೆ ನಾಲ್ಕೂ ಏಳಬೇಕಿತ್ತು.

ಹಾಸನದ ಬೇಕರಿ

ಮೇಡಂ, ಕೈ. ಯಾರು ಯಾವುದನ್ನು ಮೊದಲು ಕಲಸಿದರು? ಬದುಕಿದ ಯೀಸ್ಟ್‌ನ ಹಿಟ್ಟು ನಾದಿದ ಕೈಯಲ್ಲೇ ಸತ್ತಿದ್ದನ್ನೂ ನಾದಿದರೆ ಉಗುರಿನ ಸಂದಿಯಲ್ಲಿ ಇರುವುದೇ ಸಾಕು. ಎರಡು ಗಂಟೆಯಲ್ಲಿ ಕಾಣುವುದಿಲ್ಲ, ರಾತ್ರಿ ಕಳೆದರೆ ಕಾಣುತ್ತದೆ. ನಮ್ಮಲ್ಲಿ ಹಿಂದಿನ ದಿನದ ಹಿಟ್ಟು ಮೆತ್ತಿದ ಡಬರಿಯಲ್ಲಿ ಬಿಸ್ಕತ್ತಿನ ಹಿಟ್ಟು ಕಲಸಲು ಬಿಡುವುದೇ ಇಲ್ಲ.

ಮಲೆನಾಡ ಮೇಡಂ

ಕೇಳಿದೆ. ಉಬ್ಬಿದ ಎರಡರಲ್ಲಿ ಒಂದು ಗುಂಪು ಬದುಕಿದ್ದನ್ನೇ ಮೊದಲು ಕಲಸಿತ್ತಂತೆ. ಇನ್ನೊಂದು ಗುಂಪಿನವರಿಗೆ ನೆನಪಿಲ್ಲ.

ಸೂಕ್ಷ್ಮದರ್ಶಕ

ಬೇಕರಿಯವರ ಊಹೆ ನನಗೂ ಎಲ್ಲಕ್ಕಿಂತ ಹತ್ತಿರ ಅನ್ನಿಸುತ್ತದೆ. ಆದರೆ ಇನ್ನೊಂದು ಸಾಧ್ಯತೆ ಇದೆ. ಸತ್ತ ಯೀಸ್ಟ್ ಒಳ್ಳೆಯ ಆಹಾರ. ಮೈದಾದಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು, ಯೀಸ್ಟ್ ಹಾಕದ ಲೋಟಕ್ಕಿಂತ ಬೇಗ ಬೆಳೆದಿರಬಹುದು. ಹುಳಿ ವಾಸನೆ ಅತ್ತ ಬೆರಳು ತೋರಿಸುತ್ತದೆ. ಆದರೆ ಹಾಗಿದ್ದರೆ ನಾಲ್ಕರಲ್ಲಿ ಎರಡೇ ಯಾಕೆ ಎದ್ದವು ಅನ್ನುವುದಕ್ಕೆ ನನ್ನ ಬಳಿ ಉತ್ತರವಿಲ್ಲ.

ಇನ್ನೊಂದನ್ನು ಗಮನಿಸಿ. ಬೆಳಗ್ಗೆ ಮಾತ್ರ ಅಳೆದಿದ್ದರೆ ಬದುಕಿದ್ದು 4.5, ಸತ್ತಿದ್ದರಲ್ಲಿ ಎರಡು 4.5. ಎರಡಕ್ಕೂ ವ್ಯತ್ಯಾಸವೇ ಇಲ್ಲ ಅಂದುಬಿಡುತ್ತಿದ್ದೆವು. ಯಾವಾಗ ಅಳೆಯಬೇಕು ಅಂತ ಮೊದಲೇ ಬರೆದಿಡಬೇಕು ಅನ್ನುವುದು ಇದಕ್ಕೇ. ಆಮೇಲೆ ನೋಡಿಕೊಂಡು ನಮಗೆ ಬೇಕಾದ ಹೊತ್ತನ್ನು ಆರಿಸಬಾರದು.

ಸ್ಟಾಕ್‌ಹೋಮ್ ಕನ್ನಡಿಗ

ನನ್ನ ಸಕ್ಕರೆ ಪ್ರಯೋಗ ಮಾಡಿದೆ, ಎರಡೂ ಒಲೆ ಪಕ್ಕ. 100 ಗ್ರಾಂ ಮೈದಾಕ್ಕೆ 5 ಗ್ರಾಂ ಸಕ್ಕರೆ ಹಾಕಿದ್ದು 6.4, ಹಾಕದ್ದು 6. ಸಕ್ಕರೆ ಗೆದ್ದಿತು!

ಕೊಪ್ಪದ ಹುಡುಗ

ಮೇಡಂ ಕ್ಲಾಸಿನಲ್ಲಿ ಒಂದೇ ಹಿಟ್ಟಿನ ನಾಲ್ಕು ಲೋಟಗಳೇ 5.6ರಿಂದ 6.8ರವರೆಗೆ ಇವೆ. ಏನೂ ಬದಲಾಯಿಸದೆ 1.2 ವ್ಯತ್ಯಾಸ. ನಿಮ್ಮದು 0.4. ಗೆದ್ದಿದ್ದು ಸಕ್ಕರೆಯೋ ನೀವು ಒತ್ತಿದ ರೀತಿಯೋ?

ಸ್ಟಾಕ್‌ಹೋಮ್ ಕನ್ನಡಿಗ

ಅವು ನಾಲ್ಕು ಬೇರೆ ಬೇರೆ ಗುಂಪಿನ ಮಕ್ಕಳ ಕೈ. ಇಲ್ಲಿ ಎರಡೂ ನನ್ನದೇ ಕೈ. ಅಷ್ಟು ವ್ಯತ್ಯಾಸ ಬರಬಾರದು.

ಸೂಕ್ಷ್ಮದರ್ಶಕ

ನಿಮ್ಮ ಮಾತಿನಲ್ಲೂ ಹುರುಳಿದೆ. ನಿಮ್ಮ ಕೈಯಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ತಿಳಿಯಲು ಸಕ್ಕರೆ ಇಲ್ಲದ ಮೂರು ಲೋಟ, ಸಕ್ಕರೆ ಇರುವ ಮೂರು ಲೋಟ ಇಡಿ. ಸಕ್ಕರೆ ಇಲ್ಲದ ಮೂರರ ನಡುವೆಯೇ 0.4 ಬಂದರೆ ಏನೂ ಹೇಳಲಾಗುವುದಿಲ್ಲ. 25 ಗ್ರಾಂ ಸಕ್ಕರೆಯದ್ದೂ ಒಂದು ಇಡಿ, ಅಷ್ಟು ಹಾಕಿದರೆ ಸಕ್ಕರೆ ಯೀಸ್ಟ್‌ನಿಂದ ನೀರು ಎಳೆದು ಅದನ್ನು ನಿಧಾನ ಮಾಡುತ್ತದೆ.

ಹಾಸನದ ಬೇಕರಿ

ಅದು ಸತ್ಯ. ಸಿಹಿ ಬನ್‌ಗೆ ನಾವು ಯೀಸ್ಟ್ ಜಾಸ್ತಿ ಹಾಕುವುದು ಅದಕ್ಕೇ.

ಮಲೆನಾಡ ಮೇಡಂ

ಶನಿವಾರ ಮತ್ತೆ ಮಾಡುತ್ತಿದ್ದೇವೆ. ಈ ಸಲ ಕುದಿಸಿದ ಯೀಸ್ಟ್‌ನ ಹಿಟ್ಟನ್ನು ಇಬ್ಬರು ಮಕ್ಕಳು ಲೈಬ್ರರಿ ಕೋಣೆಯಲ್ಲಿ ಕಲಸುತ್ತಾರೆ. ಬದುಕಿದ ಯೀಸ್ಟ್ ಪ್ಯಾಕೆಟ್ ಒಡೆಯುವುದಕ್ಕೂ ಮೊದಲೇ ಕುದಿಸಬೇಕು ಅಂದುಕೊಂಡೆವು, ಆದರೆ ಒಡೆಯದೆ ಕುದಿಸುವುದು ಹೇಗೆ ಅಂತ ಒಬ್ಬ ಕೇಳಿದ. ಹಾಗಾಗಿ ಒಡೆದು ಕುದಿಸಿದವಳು ಬೇರೆ, ಕಲಸುವವರು ಬೇರೆ. ನಾಲ್ಕು ಲೋಟ ಹಾಗೆ. ಇನ್ನು ನಾಲ್ಕನ್ನು ಬೇಕಂತಲೇ ಬದುಕಿದ ಹಿಟ್ಟು ಮುಟ್ಟಿದ ಕೈಯಲ್ಲಿ ಕಲಸುತ್ತೇವೆ. ಎಲ್ಲವನ್ನೂ ಎರಡು ಗಂಟೆ ಆದ ಮೇಲೆ ಒಂದು ಸಲ, ಮರುದಿನ ಬೆಳಗ್ಗೆ ಎಂಟಕ್ಕೆ ಇನ್ನೊಂದು ಸಲ ಅಳೆಯುವುದು. ಕುದಿಸಿದ ನೀರಿನಲ್ಲಿ ಸ್ವಲ್ಪ ಉಳಿಸಿ ಸಕ್ಕರೆ ಹಾಕಿ ಮುಚ್ಚಿಡುತ್ತೇವೆ, ಬೆಳಗ್ಗೆ ನೊರೆ ಬಂದಿದೆಯಾ ನೋಡಲು.

ಚೀಟಿಗಳು ಆಗಲೇ ಬಂದಿವೆ. ಹೆಚ್ಚಿನವರು ಕೈಯಿಂದ ಅಂತ ಬರೆದಿದ್ದಾರೆ. ಹಿಂದಿನ ಬೆಂಚಿನ ಹುಡುಗಿ ಮಾತ್ರ "ಎಂಟೂ ಏಳುತ್ತವೆ" ಅಂತ ಬರೆದಿದ್ದಾಳೆ.

ಕೊಪ್ಪದ ಹುಡುಗ

ಲೈಬ್ರರಿಯ ನಾಲ್ಕು ಏಳಲಿಲ್ಲ, ಕೈಯ ನಾಲ್ಕು ಎದ್ದವು ಅಂದರೆ ಒಪ್ಪುತ್ತೇನೆ. ಆದರೂ ಮೊದಲ ದಿನ ಆ ಎರಡು ಲೋಟದಲ್ಲಿ ಆಗಿದ್ದೂ ಅದೇ ಅಂತ ಹೇಗೆ ಹೇಳುತ್ತೀರಿ? ಆ ಹಿಟ್ಟು ಇದೆಯಾ ಇನ್ನೂ?

ಮಲೆನಾಡ ಮೇಡಂ

ಇಲ್ಲ, ಅಡುಗೆಯವರು ತೊಳೆದಿಟ್ಟರು.

ಹಾಸನದ ಬೇಕರಿ

ಭಾನುವಾರ ಬೆಳಗ್ಗೆ ಎಂಟಕ್ಕೆ ಫಲಿತಾಂಶ ಹಾಕಿ ಮೇಡಂ. ಅಂಗಡಿಯಲ್ಲಿ ಹುಡುಗರಿಗೂ ಹೇಳಿದ್ದೇನೆ, ಕಾಯುತ್ತಿದ್ದಾರೆ.